“ಇದು ನಿಮ್ಮದೇ ಫೋಟೊನಾ?” – ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ಸವಿನಯ ನಮಸ್ಕಾರಗಳು.

ನಾನು ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲೆ. ತಮ್ಮದಲ್ಲದ ಮೈಗೆ ತಮ್ಮ ಮುಖ ಅಂಟಿಸಿದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳು ಈಚೆಗೆ ಹೆಚ್ಚುತ್ತಿದ್ದಾರೆ. ಅವರಲ್ಲಿ ಒಬ್ಬರ ಜೊತೆ ಪೊಲೀಸ್ ಠಾಣೆಗೆ ಹೋಗಿದ್ದೆ. ಅಲ್ಲಿ ಕಣ್ಣಾರೆ ಕಂಡದ್ದನ್ನು, ಅದರಿಂದ ತಮ್ಮ ಇಲಾಖೆ ಏನು ಮಾಡಬೇಕೆಂದು ನನಗೆ ಅನ್ನಿಸಿದೆಯೋ ಅದನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಠಾಣೆ, ಕಂಪನಿ ಯಾವುದನ್ನೂ ಹೇಳುವುದಿಲ್ಲ.

ಆಕೆ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ಸಿನಿಮಾ ನಟಿಯಲ್ಲ, ರಾಜಕಾರಣಿಯಲ್ಲ. ಸಾಮಾಜಿಕ ಜಾಲತಾಣದಲ್ಲಿ ಆಕೆಯನ್ನು ಹಿಂಬಾಲಿಸುವವರು ಬಂಧುಬಳಗ ಬಿಟ್ಟರೆ ಬೇರೆ ಯಾರೂ ಇಲ್ಲ. ಒಂದು ಸಂಜೆ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ “ಗ್ರೂಪಿನಲ್ಲಿ ನಿಮ್ಮದೊಂದು ಫೋಟೊ ಓಡಾಡುತ್ತಿದೆ, ನೋಡಿದ್ರಾ?” ಎಂದರು. ನೋಡಿದರೆ ಬೆತ್ತಲೆ ಚಿತ್ರ. ಮುಖ ಮಾತ್ರ ಆಕೆಯದು. ಅದೇ ಚಿತ್ರ ಆಕೆಯ ಹೆಸರಿನಲ್ಲೇ ತೆರೆದ ಒಂದು ನಕಲಿ ಖಾತೆಯಲ್ಲೂ ಇತ್ತು, ಜೊತೆಗೆ ಆಕೆಯ ಮೊಬೈಲ್ ನಂಬರ್. ರಾತ್ರಿಯ ಹೊತ್ತಿಗೆ ಅಪರಿಚಿತರ ಕರೆಗಳು ಶುರುವಾದವು.

ಮರುದಿನ ಬೆಳಗ್ಗೆ ಠಾಣೆಯಲ್ಲಿ ಆಕೆಗೆ ಎದುರಾದ ಮೊದಲ ಪ್ರಶ್ನೆ: “ಇದು ನಿಮ್ಮದೇ ಫೋಟೊನಾ?” ಅಲ್ಲ ಎಂದಾಗ ಎರಡನೆಯದು: “ಫೇಕ್ ಅಂತ ಹೇಗೆ ಗೊತ್ತಾಗುತ್ತೆ? ಎಫ್‌ಎಸ್‌ಎಲ್‌ಗೆ ಕಳಿಸಿ ರಿಪೋರ್ಟ್ ಬರಲಿ, ಆಮೇಲೆ ನೋಡೋಣ.” ಎಫ್‌ಎಸ್‌ಎಲ್ ಎಂದರೆ ವಿಧಿವಿಜ್ಞಾನ ಪ್ರಯೋಗಾಲಯ. ಮೂರನೆಯದನ್ನು ಆಕೆಯ ತಂದೆಯ ಕಡೆ ತಿರುಗಿ ಕೇಳಿದರು: “ಮಗಳಿಗೆ ಯಾರ ಜೊತೆಗಾದರೂ ಸ್ನೇಹ ಇತ್ತಾ?”

ಆ ಅಧಿಕಾರಿ ಒರಟರಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಕುರ್ಚಿ ಕೊಟ್ಟರು, ನೀರು ತರಿಸಿದರು. ಚಿತ್ರ ನಿಜವೋ ಸುಳ್ಳೋ ಎಂಬುದು ಮೊದಲು ತೀರ್ಮಾನವಾದರೆ ತಾನೇ ಅಪರಾಧ ಆಗಿದೆಯೋ ಇಲ್ಲವೋ ತಿಳಿಯುವುದು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅನೇಕ ಠಾಣೆಗಳಲ್ಲಿ ಈ ನಂಬಿಕೆಯೇ ಇದೆ. ಇದು ತಪ್ಪು ಎಂದು ತೋರಿಸುವುದು ಈ ಪತ್ರದ ಮುಖ್ಯ ಉದ್ದೇಶ.

ಚಿತ್ರ ನಿಜವೇ ಎಂದು ಒಂದು ಕ್ಷಣ ಇಟ್ಟುಕೊಳ್ಳೋಣ. ಒಬ್ಬ ವ್ಯಕ್ತಿಯ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ. ಸುಳ್ಳು ಎಂದು ಇಟ್ಟುಕೊಳ್ಳೋಣ. ಅಶ್ಲೀಲವಾದದ್ದನ್ನು, ಲೈಂಗಿಕವಾಗಿ ನಿಚ್ಚಳವಾದದ್ದನ್ನು ವಿದ್ಯುನ್ಮಾನ ರೂಪದಲ್ಲಿ ಹರಡುವುದು ಅದೇ ಕಾಯ್ದೆಯ 67 ಮತ್ತು 67ಎ ಪ್ರಕಾರ ಅಪರಾಧ. ಮೊದಲ ಬಾರಿಗೆ ತಪ್ಪಿತಸ್ಥನಾದರೆ 67ರಲ್ಲಿ 3 ವರ್ಷದವರೆಗೆ, 67ಎ ಅಡಿ 5 ವರ್ಷದವರೆಗೆ ಜೈಲು. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ, ಆಕೆಯ ಖಾಸಗಿತನದೊಳಗೆ ನುಗ್ಗುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ. ಅಂದರೆ ನಿಜವಾದರೂ ಅಪರಾಧ, ಸುಳ್ಳಾದರೂ ಅಪರಾಧ. ಇವೆಲ್ಲವೂ ಪೊಲೀಸರು ತಾವೇ ತನಿಖೆ ಆರಂಭಿಸಬಹುದಾದ ಸಂಜ್ಞೇಯ ಅಪರಾಧಗಳು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಯಾವ ಕಲಂ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ದೋಷಾರೋಪ ಪಟ್ಟಿಯ ಹೊತ್ತಿನ ಮಾತು. ದೂರುದಾರಳು ಚಿತ್ರದಲ್ಲಿರುವ ಮೈ ತನ್ನದಲ್ಲವೆಂದು ಸಾಬೀತು ಮಾಡಿದ ಮೇಲೆ ಬಾಗಿಲು ತೆರೆಯುವ ಪದ್ಧತಿಗೆ ಕಾನೂನಿನಲ್ಲಿ ಎಲ್ಲಿಯೂ ಆಧಾರವಿಲ್ಲ.

ಹಾಗಿದ್ದೂ ನಾವು ಆಕೆಯ ನೆಮ್ಮದಿಗಾಗಿ ಚಿತ್ರ ಎಲ್ಲಿಂದ ಹುಟ್ಟಿತೆಂದು ಹುಡುಕಿದೆವು. ಇಂಥ ಚಿತ್ರಗಳಲ್ಲಿ ಬಹಳಷ್ಟು ಸಲ ಮುಖ ಹೊಸದಾಗಿ ಸೃಷ್ಟಿಯಾದದ್ದಲ್ಲ. ಒಂದು ನಿಜವಾದ ಫೋಟೊದ ಮುಖವನ್ನು ಹಾಗೆಯೇ ಇಟ್ಟು, ಕತ್ತಿನಿಂದ ಕೆಳಗಿನದನ್ನು ಯಂತ್ರದಿಂದ ಬರೆಸಿರುತ್ತಾರೆ. ಹಾಗಾಗಿ ಮೂಲ ಫೋಟೊ ಸಿಕ್ಕರೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಆಕೆಯ ಫೋನಿನಲ್ಲೇ ಅದು ಸಿಕ್ಕಿತು: ಕಚೇರಿಯ ಸಮಾರಂಭವೊಂದರಲ್ಲಿ ತೆಗೆದ, ಸಹೋದ್ಯೋಗಿಗಳ ಗ್ರೂಪಿಗೆ ಮಾತ್ರ ಹಾಕಿದ್ದ ಫೋಟೊ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ತಲೆಯ ವಾಲು ಅದೇ, ಹಣೆಗೆ ಬಿದ್ದ ಕೂದಲೆಳೆ ಅದೇ, ಕಣ್ಣುಪಾಪೆಯಲ್ಲಿ ಹೊಳೆದ ದೀಪದ ಚುಕ್ಕೆಯೂ ಅದೇ ಜಾಗದಲ್ಲಿ. ಮುಖದ ಮೇಲೆ ಬೆಳಕು ಎಡಗಡೆಯಿಂದ ಬಿದ್ದಿದೆ, ಭುಜದ ಮೇಲೆ ನೇರ ಮೇಲಿನಿಂದ. ಮೂಲದಲ್ಲಿ ಇಡಿಯಾಗಿ ಕಾಣುವ ಓಲೆಯ ಕೆಳತುದಿ ನಕಲಿಯಲ್ಲಿ ಕತ್ತಿನ ಚರ್ಮದೊಳಗೆ ಕರಗಿಹೋಗಿದೆ. ಪ್ರಯೋಗಾಲಯದ ವರದಿಗೆ ಕಾಯದೆ, ಠಾಣೆಯ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಮಾಡಬಹುದಾದ ಹೋಲಿಕೆ ಇದು.

ಈ ಹೋಲಿಕೆಯಿಂದ ಇನ್ನೊಂದು ಪ್ರಯೋಜನವೂ ಆಯಿತು. ಮೂಲ ಫೋಟೊ ಆ ಒಂದು ಗ್ರೂಪನ್ನು ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲವಾದ್ದರಿಂದ, ಕೃತ್ಯ ಮಾಡಿದವನು ಆ ಗ್ರೂಪಿನೊಳಗಿನವನೋ, ಅಲ್ಲಿಂದ ಅದನ್ನು ಪಡೆದವನೋ ಆಗಿರಬೇಕು. ಜಗತ್ತಿನಲ್ಲಿ ಯಾರು ಬೇಕಾದರೂ ಆಗಿರಬಹುದಾದ ಆರೋಪಿ ಬೆರಳೆಣಿಕೆಯ ಜನರ ನಡುವೆ ಬಂದು ನಿಂತ. “ಮಗಳಿಗೆ ಯಾರ ಜೊತೆ ಸ್ನೇಹ” ಎಂಬ ಪ್ರಶ್ನೆಯ ಬದಲು “ಈ ಮುಖ ಯಾವ ಫೋಟೊದ್ದು, ಆ ಫೋಟೊ ಯಾರ ಯಾರ ಬಳಿ ಇತ್ತು” ಎಂದು ಕೇಳಿದ್ದರೆ ತನಿಖೆಯ ದಾರಿ ಮೊದಲ ದಿನವೇ ತೆರೆಯುತ್ತಿತ್ತು.

ಪ್ರಯೋಗಾಲಯದ ಬಗ್ಗೆಯೂ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ ಚಿತ್ರ ಕುಗ್ಗಿ, ತನ್ನೊಳಗಿನ ಮೂಲ ವಿವರಗಳನ್ನು ಕಳೆದುಕೊಂಡು ಬರುತ್ತದೆ. ಕೈಯಿಂದ ಕೈಗೆ ದಾಟಿದ, ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಹಂಚಿದ ಪ್ರತಿಯಲ್ಲಿ ನಕಲಿಯ ಸೂಕ್ಷ್ಮ ಗುರುತುಗಳು ಅಳಿಸಿಹೋಗಿರುತ್ತವೆ. ಅಂಥ ಪ್ರತಿಯನ್ನು ಪರೀಕ್ಷಿಸಿ “ಖಚಿತವಾಗಿ ಹೇಳಲಾಗದು” ಎಂಬ ವರದಿ ಬಂದರೆ ಅದು ಪರೀಕ್ಷಕರ ತಪ್ಪಲ್ಲ. ಆದರೆ ಆ ಒಂದು ಸಾಲು ಆಕೆಯ ಪಾಲಿಗೆ ಏನಾಗುತ್ತದೆ ಎಂದು ಯೋಚಿಸಿ. “ಫೇಕ್ ಎಂದು ಸಾಬೀತಾಗಿಲ್ಲವಂತೆ” ಎಂದು ಊರು ಮಾತನಾಡುತ್ತದೆ.

ಆ ದಿನ ಠಾಣೆಯಲ್ಲಿ ನಡೆದ ಇನ್ನೆರಡು ಸಂಗತಿಗಳು ನನ್ನನ್ನು ಹೆಚ್ಚು ಕಾಡಿವೆ. ಚಿತ್ರವನ್ನು “ಕಡತಕ್ಕೆ ಬೇಕು” ಎಂದು ಅಲ್ಲಿನ ಸಿಬ್ಬಂದಿಯೊಬ್ಬರ ಸ್ವಂತ ಮೊಬೈಲಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿದರು. ಅಲ್ಲಿಂದ ಅದು ಮುದ್ರಿಸುವವರ ಫೋನಿಗೆ ಹೋಯಿತು. ಯಾವ ಚಿತ್ರ ಹರಡುವುದನ್ನು ತಡೆಯಲು ಆಕೆ ಬಂದಿದ್ದರೋ ಅದರ ಪ್ರತಿಗಳು ಠಾಣೆಯಲ್ಲೇ ಹೆಚ್ಚಾದವು. ಕೆಟ್ಟ ಉದ್ದೇಶ ಇರಲಿಲ್ಲ, ನಿಜ. ಆದರೆ ಹಾಗೆ ಕಳಿಸಿದ ಪ್ರತಿ ಸಾಕ್ಷ್ಯವಾಗಿಯೂ ದುರ್ಬಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಚಿತ್ರದ ಡಿಜಿಟಲ್ ಕಡತದ ಹ್ಯಾಶ್ ಮೌಲ್ಯ, ಅಂದರೆ ಆ ಕಡತದ ಅಂಕೀಯ ಬೆರಳಚ್ಚು, ನಮೂದಾಗಬೇಕು. ಕುಗ್ಗಿದ ಪ್ರತಿಯ ಹ್ಯಾಶ್ ಆಕೆಯ ಫೋನಿಗೆ ಬಂದ ಕಡತದ ಹ್ಯಾಶ್‌ಗೆ ತಾಳೆಯಾಗುವುದಿಲ್ಲ. ಆಮೇಲೆ ನ್ಯಾಯಾಲಯದಲ್ಲಿ ಎದುರು ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ. ಕೇಳುವುದು ಅವರ ಹಕ್ಕು.

ಎರಡನೆಯದು, ಖಾತೆಯನ್ನು ತೆಗೆಸಿ ಎಂದು ನಾವು ಕೋರಿದಾಗ ಬಂದ ಉತ್ತರ: “ಈಗಲೇ ತೆಗೆಸಬೇಡಿ, ಸಾಕ್ಷ್ಯ ಹೋಗಿಬಿಡುತ್ತೆ.” ಆ ಮಾತನ್ನು ಪಾಲಿಸಿದ್ದರೆ ತನಿಖೆ ಮುಗಿಯುವವರೆಗೆ ಆ ಚಿತ್ರ, ಆ ಫೋನ್ ನಂಬರ್ ಜಗತ್ತಿನ ಮುಂದೆ ಹಾಗೆಯೇ ಇರಬೇಕಿತ್ತು. ಮಾಹಿತಿ ತಂತ್ರಜ್ಞಾನ ನಿಯಮಗಳು, 2021 ಇದನ್ನು ಮೊದಲೇ ಯೋಚಿಸಿವೆ. ತೆಗೆದುಹಾಕಿದ ವಿಷಯವನ್ನೂ ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನೂ ಜಾಲತಾಣ ಸಂಸ್ಥೆ 180 ದಿನ ತನಿಖೆಗಾಗಿ ಕಾಪಿಡಬೇಕು. ಅಂದರೆ ತೆಗೆಸುವುದೂ ಉಳಿಸುವುದೂ ಒಟ್ಟಿಗೆ ಸಾಧ್ಯ. ಆದರೆ ಆ ಅವಧಿ ಸುಮಾರು ಆರು ತಿಂಗಳು ಮಾತ್ರ. ಎಫ್‌ಎಸ್‌ಎಲ್ ವರದಿಗೆ ಕಾದು ಕುಳಿತು, ಆಮೇಲೆ ಸಂಸ್ಥೆಗೆ ನೋಟಿಸ್ ಬರೆದರೆ ಅಷ್ಟರಲ್ಲಿ ದಾಖಲೆ ಅಳಿದಿರಬಹುದು. ಸಾಕ್ಷ್ಯ ಹೋಗುವ ನಿಜವಾದ ದಾರಿ ಈ ವಿಳಂಬ.

ಅದೇ ನಿಯಮಗಳ 3(2)(ಬಿ) ಉಪನಿಯಮವನ್ನು ತಾವು ಒಮ್ಮೆ ಓದಬೇಕೆಂದು ಕೋರುತ್ತೇನೆ. ನಗ್ನತೆ ಇರುವ, ಅಥವಾ ವ್ಯಕ್ತಿಯ ಸೋಗು ಹಾಕಿದ, ಕೃತಕವಾಗಿ ತಿರುಚಿದ ಚಿತ್ರದ ಬಗ್ಗೆ ದೂರು ಬಂದರೆ ಅದನ್ನು ತೆಗೆಯಲು ಸಂಸ್ಥೆಗೆ 2021ರಲ್ಲೇ ಹಾಕಿದ ಗರಿಷ್ಠ ಗಡುವು 24 ಗಂಟೆ. ದೂರನ್ನು ಆ ವ್ಯಕ್ತಿಯೇ ಕೊಡಬೇಕೆಂದಿಲ್ಲ, ಆಕೆಯ ಪರವಾಗಿ ಯಾರು ಬೇಕಾದರೂ ಕೊಡಬಹುದು. ನಡುಗುವ ಕೈಯಲ್ಲಿ ಆಕೆಯೇ ಅರ್ಜಿ ತುಂಬಬೇಕಾದ ಅಗತ್ಯವಿಲ್ಲ. ಠಾಣೆಯ ಮಹಿಳಾ ಅಧಿಕಾರಿ ಅಲ್ಲೇ ಕುಳಿತು ತುಂಬಿಕೊಡಬಹುದು. ಹಾಗೆ ಮಾಡಿದ ಒಂದು ಠಾಣೆಯನ್ನೂ ನಾನು ಇದುವರೆಗೆ ಕಂಡಿಲ್ಲ.

ಇಷ್ಟು ಪೊಲೀಸ್ ನಡವಳಿಕೆಯ ಮಾತಾಯಿತು. ಇನ್ನು ಕಾನೂನಿನೊಳಗೇ ಇರುವ ಒಂದು ಬಿರುಕಿನ ವಿಚಾರ. ಅದನ್ನು ಮುಚ್ಚುವುದು ಠಾಣಾಧಿಕಾರಿಯ ಕೈಲಿಲ್ಲ, ಆದರೆ ತಮ್ಮ ಸರ್ಕಾರ ಮನಸ್ಸು ಮಾಡಬಹುದು.

66ಇ ಕಲಂ ಒಪ್ಪಿಗೆಯ ಮೇಲೆ ನಿಂತಿದೆ. ಆದರೆ ಅದು ಹೇಳುವುದು ‘ಯಾವುದೇ ವ್ಯಕ್ತಿಯ ಖಾಸಗಿ ಅಂಗದ ಚಿತ್ರ’ ಎಂದು. ನಕಲಿ ಚಿತ್ರದಲ್ಲಿರುವ ಅಂಗ ಆಕೆಯದಲ್ಲವಲ್ಲ ಎಂದು ಆರೋಪಿಯ ಪರ ವಾದಿಸಲು ಅಲ್ಲಿ ಜಾಗವಿದೆ. ಇಣುಕುನೋಟವನ್ನು ಶಿಕ್ಷಿಸುವ ನ್ಯಾಯ ಸಂಹಿತೆಯ 77ನೇ ಕಲಂ ಖಾಸಗಿ ಕ್ಷಣದಲ್ಲಿರುವ ಹೆಣ್ಣನ್ನು ನೋಡುವ, ಚಿತ್ರ ಸೆರೆಹಿಡಿಯುವ ಮಾತನ್ನಾಡುತ್ತದೆ. ಇಲ್ಲಿ ಯಾರೂ ಏನನ್ನೂ ಸೆರೆಹಿಡಿದಿಲ್ಲ. ಚಿತ್ರದ ಬಗ್ಗೆಯೇ ಮಾತನಾಡುವ ಕಲಂಗಳಲ್ಲಿ ಉಳಿಯುವುದು 67, 67ಎ. ಅವು ಕೇಳುವ ಪ್ರಶ್ನೆ ಚಿತ್ರ ಅಶ್ಲೀಲವೇ ಎಂಬುದು. ಆಕೆ ಒಪ್ಪಿದ್ದಳೇ ಎಂದು ಅವು ಕೇಳುವುದೇ ಇಲ್ಲ. ಅವುಗಳ ಕಣ್ಣಿನಲ್ಲಿ ಕೆಡುವುದು ನೋಡುಗರ ಮನಸ್ಸು, ಆಕೆಯ ಬದುಕಲ್ಲ.

ಇದರ ಪರಿಣಾಮ ಬೆತ್ತಲೆ ಇಲ್ಲದ ಚಿತ್ರಗಳಲ್ಲಿ ಕಾಣುತ್ತದೆ. ಇನ್ನೊಬ್ಬ ಹೆಣ್ಣುಮಗಳ ಮುಖವನ್ನು ಪರಪುರುಷನೊಬ್ಬನ ತೋಳಿನಲ್ಲಿ ಇರಿಸಿ, ಹೋಟೆಲ್ ಕೋಣೆಯಂತೆ ಕಾಣುವ ಹಿನ್ನೆಲೆ ಹಾಕಿ, ಮನೆಯವರಿಗೆ ಕಳಿಸಿದ್ದರು. ಮೈತುಂಬ ಬಟ್ಟೆ ಇದೆ. ಅಶ್ಲೀಲ ಎನ್ನಲು ಬರುವುದಿಲ್ಲ. ಆದರೆ ಆಕೆಯ ಮನೆ ಮುರಿಯಲು ಅಷ್ಟೇ ಸಾಕಾಗಿತ್ತು. “ಇದು ಮಾನಹಾನಿ, ನಮ್ಮ ವ್ಯಾಪ್ತಿಗೆ ಬರಲ್ಲ, ಕೋರ್ಟಿಗೆ ಹೋಗಿ” ಎಂದು ಠಾಣೆಯವರು ಹೇಳಿದರು. ಮಾನಹಾನಿ ಅಸಂಜ್ಞೇಯ ಅಪರಾಧವಾದ್ದರಿಂದ ಆ ಮಾತು ಪೂರ್ತಿ ತಪ್ಪೂ ಅಲ್ಲ. ಆದರೆ ಹಾಗೆ ಖಾಸಗಿ ದೂರು ಹಾಕುವುದಾದರೆ ಅಜ್ಞಾತ ಖಾತೆಯ ಹಿಂದೆ ಯಾರಿದ್ದಾರೆ ಎಂದು ಆಕೆ ಒಬ್ಬಳೇ ಹೇಗೆ ಪತ್ತೆ ಹಚ್ಚಬೇಕು? 79ನೇ ಕಲಂ ಹಾಕಿ ಎಂದು ನಾನು ಒತ್ತಾಯಿಸಿದ ಮೇಲೆ ದೂರು ದಾಖಲಾಯಿತು. ಪಕ್ಕದಲ್ಲಿ ವಕೀಲರಿಲ್ಲದ ಹೆಣ್ಣುಮಗಳು ಅಲ್ಲಿಂದಲೇ ಮನೆಗೆ ಹಿಂದಿರುಗುತ್ತಾಳೆ.

ಇನ್ನೂ ಒಂದು ಕೊರತೆ ಇದೆ. 67 ಮತ್ತು 67ಎ ಪ್ರಕಟಿಸಿದವನನ್ನು, ರವಾನಿಸಿದವನನ್ನು ಹಿಡಿಯುತ್ತವೆ. ತಯಾರಿಸಿ ಫೋನಿನಲ್ಲಿ ಇಟ್ಟುಕೊಂಡವನು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಮಕ್ಕಳ ವಿಷಯದಲ್ಲಿ ಹೀಗಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. 67ಬಿ ಕಲಂ ಮಕ್ಕಳ ಅಂಥ ಚಿತ್ರ ಸೃಷ್ಟಿಸುವುದನ್ನೂ ಸಂಗ್ರಹಿಸುವುದನ್ನೂ ಅಪರಾಧ ಎನ್ನುತ್ತದೆ. ಪೋಕ್ಸೊ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ, ನಿಜವಾದ ಮಗುವಿಗೂ ಅದಕ್ಕೂ ವ್ಯತ್ಯಾಸ ತಿಳಿಯದಂತೆ ಕಂಪ್ಯೂಟರಿನಿಂದ ಸೃಷ್ಟಿಸಿದ ಚಿತ್ರವನ್ನೂ, ಮಗುವಿನಂತೆ ತೋರುವಂತೆ ಮಾರ್ಪಡಿಸಿದ ಚಿತ್ರವನ್ನೂ ಸ್ಪಷ್ಟ ಮಾತಿನಲ್ಲಿ ಒಳಗೊಂಡಿದೆ. ಅಂದರೆ ‘ಚಿತ್ರ ನಿಜವಾಗಿರಬೇಕಿಲ್ಲ, ನಿಜವೆಂದು ತೋರಿದರೆ ಸಾಕು’ ಎಂಬ ತತ್ವವನ್ನು ನಮ್ಮ ಸಂಸತ್ತು ಆಗಲೇ ಒಪ್ಪಿದೆ. ಹದಿನೆಂಟು ತುಂಬಿದ ಮರುದಿನ ಆ ರಕ್ಷಣೆ ಇಲ್ಲವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ವಯಸ್ಕರಿಗೂ ಇದೇ ತತ್ವವನ್ನು ತಂದಿತು. ವ್ಯಕ್ತಿಯನ್ನು ‘ತೋರಿಸುವ ಅಥವಾ ತೋರಿಸುವಂತೆ ಕಾಣುವ’ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚುವುದು ಅಲ್ಲಿ ಅಪರಾಧ. ‘ತೋರಿಸುವಂತೆ ಕಾಣುವ’ ಎಂಬಷ್ಟು ನಮ್ಮ ಕಲಮಿನಲ್ಲೂ ಇದ್ದಿದ್ದರೆ ಠಾಣೆಯ ಆ ಮೊದಲ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಿಯಬಿಟ್ಟಾಗ ದೇಶವೇ ಮಾತನಾಡಿತು. ಕೇಂದ್ರದ ಸಚಿವರು ಹೇಳಿಕೆ ಕೊಟ್ಟರು, ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಒಬ್ಬನನ್ನು ಬಂಧಿಸಿದರು. ಹಾಗೆ ಆದದ್ದು ಸರಿಯೇ. ಆದರೆ ಹೆಸರಾಂತರಿಗೆ ಇರುವ ಒಂದು ಅನುಕೂಲ ಸಾಮಾನ್ಯರಿಗೆ ಇಲ್ಲ. ನಟಿಯೊಬ್ಬರ ನಕಲಿ ಚಿತ್ರ ನೋಡಿದವರಿಗೆ ಅದು ನಕಲಿ ಇರಬಹುದೆಂಬ ಗುಮಾನಿ ಮೊದಲೇ ಇರುತ್ತದೆ, ಸ್ಪಷ್ಟನೆ ಕೊಟ್ಟರೆ ಅದು ಎಲ್ಲೆಡೆ ತಲುಪುತ್ತದೆ. ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳ ಚಿತ್ರ ಬಂದರೆ, ಇವಳದನ್ನು ಯಾರು ಯಾಕೆ ನಕಲಿ ಮಾಡಲು ಹೋಗುತ್ತಾರೆ ಎಂದೇ ನೆರೆಹೊರೆ ಯೋಚಿಸುತ್ತದೆ. ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ ಎನ್ನುತ್ತದೆ. ಆಕೆ ಎಲ್ಲಿ ನಿಂತು ಸ್ಪಷ್ಟನೆ ಕೊಡಬೇಕು? ಚಿತ್ರ ನೋಡಿದವರು ಯಾರು, ನೋಡದವರು ಯಾರು ಎಂಬುದೇ ತಿಳಿಯದೆ ಆಕೆ ಲಿಫ್ಟಿನಲ್ಲಿ, ಬಸ್ಸಿನಲ್ಲಿ ಪ್ರತಿ ಮುಖವನ್ನೂ ಅನುಮಾನದಿಂದ ನೋಡುತ್ತಾ ಓಡಾಡಿದ್ದನ್ನು ನಾನು ಕಂಡಿದ್ದೇನೆ. ಕಂಪನಿಯವರು “ಸ್ವಲ್ಪ ತಣ್ಣಗಾಗುವವರೆಗೆ ರಜೆ ಹಾಕಿ” ಎಂದರು. ಆ ಗ್ರೂಪಿನಲ್ಲಿ ಚಿತ್ರ ಹಾಕಿದವರು, ಮುಂದಕ್ಕೆ ಕಳಿಸಿದವರು ಯಾರೂ ರಜೆ ಹಾಕಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ, ಕಂಪನಿಯಲ್ಲಿ ಆಂತರಿಕ ಸಮಿತಿ ಇರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿಗೂ ದೂರು ಕೊಡಬಹುದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಮಾನ್ಯ ಸಚಿವರೇ, ನನ್ನ ಕೋರಿಕೆಗಳು ಹೆಚ್ಚೇನಿಲ್ಲ.

ಎಲ್ಲ ಠಾಣೆಗಳಿಗೂ ಒಂದು ಸುತ್ತೋಲೆ ಹೊರಡಿಸಿ. ಖಾಸಗಿ ಚಿತ್ರದ ದೂರು ಬಂದಾಗ ಅದು ಅಸಲಿಯೋ ನಕಲಿಯೋ ಎಂಬುದನ್ನು ಎಫ್‌ಐಆರ್‌ಗೆ ಷರತ್ತು ಮಾಡಬಾರದು ಎಂದೂ, ಆಕೆಯ ಸ್ನೇಹ, ನಡತೆಯ ಬಗ್ಗೆ ಪ್ರಶ್ನೆ ಕೇಳಬಾರದು ಎಂದೂ ಅದರಲ್ಲಿ ಬರೆಸಿ. 79ನೇ ಕಲಮಿನ ಅಪರಾಧವಾದರೆ ಮಹಿಳೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದೆ, ಅದನ್ನೂ ನೆನಪಿಸಿ. ಚಿತ್ರವನ್ನು ಸಿಬ್ಬಂದಿಯ ಸ್ವಂತ ಫೋನಿಗೆ ತರಿಸಿಕೊಳ್ಳುವುದನ್ನು ನಿಷೇಧಿಸಿ. ಅದು ಬಂದ ಸಾಧನದಿಂದಲೇ ನೇರವಾಗಿ ಪ್ರತಿ ತೆಗೆದು, ಹ್ಯಾಶ್ ಬರೆದು, ಮುಚ್ಚಿದ ಲಕೋಟೆಯಲ್ಲಿಡಲಿ.

ದೂರು ಬಂದ ದಿನವೇ ಆಕೆಯ ಪರವಾಗಿ ಜಾಲತಾಣ ಸಂಸ್ಥೆಗೆ ತೆಗೆದುಹಾಕುವ ದೂರನ್ನೂ ದಾಖಲೆ ಕಾಪಿಡುವ ನೋಟಿಸನ್ನೂ ಒಟ್ಟಿಗೆ ಕಳಿಸುವ ಹೊಣೆ ಠಾಣೆಯದಾಗಲಿ. ನೋಟಿಸಿನಲ್ಲಿ ಖಾತೆಯ ಪ್ರದರ್ಶನ ಹೆಸರು ಮಾತ್ರ ಬರೆದರೆ ಸಾಲದು, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪುಟದ ಪೂರ್ತಿ ವಿಳಾಸವೇ ಬೇಕು. ಅಂತರಜಾಲ ಸಂಪರ್ಕದ ಗುರುತಾದ ಐಪಿ ವಿಳಾಸ ಕೇಳುವಾಗ, ಅದರೊಳಗಿನ ಒಂದೊಂದು ಸಂಪರ್ಕವನ್ನು ಬೇರ್ಪಡಿಸಿ ತೋರಿಸುವ ಪೋರ್ಟ್ ಸಂಖ್ಯೆಯನ್ನೂ ನಿಖರ ಸಮಯವನ್ನೂ ಕೇಳಬೇಕು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಏಕಕಾಲಕ್ಕೆ ಬಹಳ ಗ್ರಾಹಕರಿಗೆ ಹಂಚುವುದರಿಂದ ಪೋರ್ಟ್ ಇಲ್ಲದ ಐಪಿ ಯಾರ ಮನೆಯ ಬಾಗಿಲಿಗೂ ತಲುಪಿಸುವುದಿಲ್ಲ. ಇಷ್ಟನ್ನು ಒಂದು ಮಾದರಿ ನಮೂನೆಯಾಗಿ ಅಚ್ಚು ಹಾಕಿಸಿ ಕೊಟ್ಟರೆ ಪ್ರತಿ ಅಧಿಕಾರಿಯೂ ತಜ್ಞನಾಗಬೇಕಾದ ಅಗತ್ಯ ಬೀಳುವುದಿಲ್ಲ.

ಕಡೆಯದು ಕಾನೂನಿನ ಕೋರಿಕೆ. ಕ್ರಿಮಿನಲ್ ಕಾನೂನು, ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರದ ಕಡೆ ಕೈತೋರಿಸಿ ಸುಮ್ಮನಾಗಬೇಕಿಲ್ಲ. 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ನ್ಯಾಯ ಸಂಹಿತೆಗೆ ತಿದ್ದುಪಡಿ ತರಬಹುದು. ಒಬ್ಬ ವ್ಯಕ್ತಿಯನ್ನು ಖಾಸಗಿ ಸ್ಥಿತಿಯಲ್ಲಿ ತೋರಿಸುವ ಅಥವಾ ತೋರಿಸುವಂತೆ ಕಾಣುವ ಚಿತ್ರವನ್ನು ಆಕೆಯ ಅಥವಾ ಆತನ ಒಪ್ಪಿಗೆಯಿಲ್ಲದೆ ತಯಾರಿಸುವುದು, ಹಂಚುವುದು, ಹಂಚುತ್ತೇನೆಂದು ಬೆದರಿಸುವುದು ಸಂಜ್ಞೇಯ ಅಪರಾಧ ಎಂದು ಒಂದು ಕಲಂ ಬೇಕು. ‘ಖಾಸಗಿ ಸ್ಥಿತಿ’ಯ ವ್ಯಾಖ್ಯಾನ ನಗ್ನತೆಗೆ ನಿಲ್ಲದೆ, ನಾನು ಮೇಲೆ ಹೇಳಿದ ಎರಡನೆಯ ಹೆಣ್ಣುಮಗಳನ್ನೂ ಒಳಗೊಳ್ಳಬೇಕು. ವಿಡಂಬನೆ, ವ್ಯಂಗ್ಯಚಿತ್ರ, ಅಧಿಕಾರಸ್ಥರ ಟೀಕೆ ಇದರ ಬಲೆಗೆ ಬೀಳದಂತೆ ಒಂದು ವಿನಾಯಿತಿಯನ್ನೂ ಬರೆಯಬೇಕು. ಹೆಣ್ಣುಮಕ್ಕಳ ಹೆಸರಿನಲ್ಲಿ ತಂದ ಕಾನೂನು ರಾಜಕಾರಣಿಗಳ ಮುಜುಗರ ಮುಚ್ಚಲು ಬಳಕೆಯಾಗುವುದು ನನಗೆ ಬೇಡ. ಕರಡು ಸಿದ್ಧಪಡಿಸಲು ನಾನೂ ನನ್ನಂಥ ಇತರ ವಕೀಲರೂ ಸಂಭಾವನೆ ಇಲ್ಲದೆ ನೆರವಾಗಲು ಸಿದ್ಧರಿದ್ದೇವೆ.

ನಾನು ಹೇಳಿದ ಮೊದಲ ಪ್ರಕರಣದಲ್ಲಿ ದೂರು ಈಗ ದಾಖಲಾಗಿದೆ, ನಕಲಿ ಖಾತೆ ತೆಗೆಯಲಾಗಿದೆ. ಆದರೆ ಸಂಸ್ಥೆಗೆ ದಾಖಲೆ ಕೋರುವ ನೋಟಿಸ್ ಇನ್ನೂ ಹೋಗಿಲ್ಲ, 180 ದಿನಗಳ ಲೆಕ್ಕ ಓಡುತ್ತಿದೆ. ಸುತ್ತೋಲೆಗೆ ಸಮಯ ಹಿಡಿಯುವುದಾದರೆ, ಬಾಕಿ ಇರುವ ಇಂಥ ಪ್ರಕರಣಗಳಲ್ಲಿ ಈ ನೋಟಿಸುಗಳನ್ನಾದರೂ ಕೂಡಲೇ ಕಳಿಸುವಂತೆ ಸೂಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಒಬ್ಬ ವಕೀಲೆ